ಸೈನ್ಸ್ ಯಾಕ ಕೆಳಗ ಹಾಕೀರಿ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಧಾರವಾಡದಲ್ಲಿ ಕೂತು ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಒಂದೇ ಮಾತನ್ನು ನೂರು ಸಲ ಹೇಳಿ ಗಂಟಲು ಒಣಗಿದ ಮೇಲೆ, ಇನ್‌ಸ್ಟಾಗ್ರಾಂನಲ್ಲಿ ಒಂದೊಂದಾಗಿ ಸರಿಸಿ ನೋಡುವ ಸ್ಲೈಡುಗಳ ಸಾಲು, ಅದೇ ಕ್ಯಾರೊಸೆಲ್, ಮಾಡಿ ಹಾಕಿದೆ. ಅರ್ಧ ಗಂಟೆಯೊಳಗೆ ಹುಬ್ಬಳ್ಳಿಯಿಂದ ಒಬ್ಬ ಅಪ್ಪನ ಫೋನು.

"ಮೇಡಂ, ಸೈನ್ಸ್ ಯಾಕ ಎಲ್ಲಾಕಿಂತ ಕೆಳಗ ಹಾಕೀರಿ?"

ಉತ್ತರ ಸುಲಭ. ಹತ್ತನೇ ಆದ ಮೇಲಿನ ಐದು ದಾರಿ ಹಾಕಿದ್ದೆ: ಐಟಿಐ, ಕಲಾ, ಡಿಪ್ಲೊಮಾ, ವಾಣಿಜ್ಯ, ವಿಜ್ಞಾನ. ವರ್ಣಮಾಲೆಯ ಕ್ರಮ, ಅಷ್ಟೇ. ಆದರೆ ಮಜಾ ನೋಡಿ, ಅದಕ್ಕೂ ಹಿಂದಿನ ವರ್ಷ ನಾನು ವಿಜ್ಞಾನವನ್ನು ಮೊದಲಿಗೇ ಹಾಕಿದ್ದೆ, ಆಗ ಒಬ್ಬರೂ ಯಾಕೆ ಅಂತ ಕೇಳಿರಲಿಲ್ಲ.

ಆ ಹಿಂದಿನ ವರ್ಷದ ಕ್ಯಾರೊಸೆಲ್ ನೋಡೋಕೆ ಚೆನ್ನಾಗಿತ್ತು, ಆದರೆ ತೂಕ ತಪ್ಪಿತ್ತು. ಒಂದು ವಿಭಾಗಕ್ಕೆ ಒಂದು ಸ್ಲೈಡು. ವಿಜ್ಞಾನಕ್ಕೆ ಪಿಸಿಎಂಬಿ, ಪಿಸಿಎಂಸಿ, ಸಿಇಟಿ, ನೀಟ್ ಅಂತ ಹನ್ನೊಂದು ಸಾಲು. ಕಲೆಗೆ ಮೂರು. ನಾನು ಓದಿದ್ದು ವಿಜ್ಞಾನ, ಗೊತ್ತಿದ್ದದ್ದನ್ನೆಲ್ಲ ತುಂಬಿಬಿಟ್ಟಿದ್ದೆ. ಜನ ಎರಡು ಮೂರು ಸ್ಲೈಡು ಸರಿಸಿ ಸುಮ್ನೆ ಮುಂದೆ ಹೋಗುತ್ತಾರೆ, ಹಾಗಾಗಿ ಕೊನೆಯಲ್ಲಿದ್ದ ಐಟಿಐ ತನಕ ಬಂದವರು ತೀರಾ ಕಡಿಮೆ. ಇನ್ನು ವಾಟ್ಸಾಪಿಗೆ ಹೋದರೆ ಯಾರೋ ಒಂದೇ ಸ್ಲೈಡು ಕತ್ತರಿಸಿ ಕಳಿಸುತ್ತಾರೆ, ಉಳಿದ ನಾಲ್ಕು ದಾರಿ ಇವೆ ಅನ್ನೋದೇ ನೋಡುವವರಿಗೆ ಗೊತ್ತಾಗುವುದಿಲ್ಲ.

ಈಗ ಉಲ್ಟಾ ಮಾಡಿದ್ದೇನೆ. ಒಂದು ಸ್ಲೈಡಿಗೆ ಒಂದು ಪ್ರಶ್ನೆ, ಅದರಡಿ ಐದೂ ದಾರಿಯ ಉತ್ತರ, ಪ್ರತಿಯೊಂದಕ್ಕೂ ಎರಡೇ ಸಾಲು. ಯಾವ ಸ್ಲೈಡು ಕತ್ತರಿಸಿ ಕಳಿಸಿದರೂ ಐದೂ ಒಟ್ಟಿಗೇ ಹೋಗುತ್ತವೆ. ಬಿಳಿ ಕೋಟಿನ ಡಾಕ್ಟರ ಚಿತ್ರ, ಹಸಿರು ಟಿಕ್ಕು, ಕೆಂಪು ಕ್ರಾಸು, ಎಲ್ಲ ತೆಗೆದೆ.

ಆದರೆ ರೂಪ ಸರಿ ಮಾಡಿದ ಮಾತ್ರಕ್ಕೆ ಮುಗಿಯುವುದಿಲ್ಲ. "ಎಷ್ಟು ವರ್ಷ?" ಅನ್ನುವ ಸ್ಲೈಡಿನಲ್ಲೇ ನಾನು ಎಡವಿದೆ. ಪಿಯುಸಿ 2 ವರ್ಷ, ಡಿಪ್ಲೊಮಾ 3 ವರ್ಷ, ಐಟಿಐ 1 ಅಥವಾ 2 ವರ್ಷ ಅಂತ ಬರೆದಿದ್ದೆ. ಒಂದಕ್ಷರ ತಪ್ಪಿಲ್ಲ. ಬ್ಯಾಡಗಿ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಕನ್ನಡ ಮಾಧ್ಯಮದವಳು, ಗಣಿತದಲ್ಲಿ ಚುರುಕು, ಇಂಜಿನಿಯರ್ ಆಗಬೇಕು ಅಂತ ಆಸೆ. ಅಪ್ಪ ಮೊಬೈಲಿನಲ್ಲಿ ನನ್ನದೇ ಸ್ಲೈಡು ತೋರಿಸಿ ಕೇಳಿದರು: "ಪಿಯುಸಿ ಎರಡs ವರ್ಷ ಐತಲ್ರಿ. ಡಿಪ್ಲೊಮಾಕ್ಕ ಒಂದ್ ವರ್ಷ ಹೆಚ್ಚಿಗಿ ಯಾಕ ಕಳಸಬೇಕ್ರಿ?"

ಅಲ್ಲೇ ಹಾಳೆ ತೆಗೆದು ಲೆಕ್ಕ ಹಾಕಿದೆವು. 2026ರಲ್ಲಿ ಸೇರಿದಳು ಅಂತಿಟ್ಟುಕೊಳ್ಳಿ. ಪಿಯುಸಿ 2, ಆಮೇಲೆ ಬಿಇ 4, ಒಟ್ಟು 6. ಡಿಪ್ಲೊಮಾ 3, ಆಮೇಲೆ ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು 3, ಅದೂ 6. ಎರಡೂ ದಾರಿ ಮುಗಿಯುವುದು 2032ರಲ್ಲೇ. ಎರಡು ವರ್ಷದ ಐಟಿಐ ಮಾಡಿ, ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿ ಹೋದರೂ 2, 2, 3, ಒಟ್ಟು 7. ಅಪ್ಪ ಮಗಳು ಇಬ್ಬರೂ ಹಾಳೆ ತಿರುಗಿಸಿ ತಿರುಗಿಸಿ ನೋಡಿದರು.

ವ್ಯತ್ಯಾಸ ಇರುವುದು ನಡುವೆ. 2029ಕ್ಕೆ ಮನೆಯಲ್ಲಿ ದುಡ್ಡಿಗೆ ಅಡಚಣೆ ಬಂತು ಅನ್ನಿ. ಡಿಪ್ಲೊಮಾ ಮಾಡಿದವಳ ಕೈಯಲ್ಲಿ ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕುವಂಥ ಸರ್ಟಿಫಿಕೇಟು ಇರುತ್ತದೆ. ಪಿಯುಸಿ ದಾರಿಯವಳು ಆಗ ಬಿಇ ಮೊದಲ ವರ್ಷ ಮುಗಿಸಿರುತ್ತಾಳೆ, ಕೈಯಲ್ಲಿ ಪಿಯುಸಿ ಅಂಕಪಟ್ಟಿ ಮಾತ್ರ. ಹಾಗಾದರೆ ಡಿಪ್ಲೊಮಾನೇ ಒಳ್ಳೇದಾ? ಅದೂ ಅಲ್ಲ. 2028ರಲ್ಲಿ ಇವಳಿಗೆ ಇಂಜಿನಿಯರಿಂಗೇ ಬೇಡ ಅನ್ನಿಸಿದರೆ, ಪಿಯುಸಿ ಮುಗಿಸಿದವಳು ಆರಾಮಾಗಿ ಬಿಎಸ್ಸಿ, ಬಿಕಾಂ ಅಥವಾ ಐದು ವರ್ಷದ ಕಾನೂನಿನ ಕಡೆ ಹೊರಳಬಹುದು. ಡಿಪ್ಲೊಮಾದವಳು ಆಗ ನಡುನೀರಿನಲ್ಲಿ, ಇನ್ನೊಂದು ವರ್ಷ ಬಾಕಿ. ಸಾಲದ್ದಕ್ಕೆ ಹೀಗೆ ನೇರ ಎರಡನೇ ವರ್ಷಕ್ಕೆ, ಅಂದರೆ ಲ್ಯಾಟರಲ್ ಎಂಟ್ರಿಯಲ್ಲಿ, ಬಂದವರಿಗೆ ಬಿಇ ಎರಡನೇ ವರ್ಷದ ಗಣಿತ ಸ್ವಲ್ಪ ಗಟ್ಟಿಯಾಗಿಯೇ ಹೊಡೆಯುತ್ತದೆ.

ಅವರು ಹೋದ ಮೇಲೆ ಆ ಸ್ಲೈಡು ಅಳಿಸಿದೆ. ಈಗ ಅದರ ಜಾಗದಲ್ಲಿ ಎರಡಿವೆ. ಒಂದರಲ್ಲಿ "ಕೆಲಸಕ್ಕೆ ಅರ್ಜಿ ಹಾಕುವ ಮೊದಲ ಸರ್ಟಿಫಿಕೇಟಿಗೆ ಎಷ್ಟು ವರ್ಷ?" ಇನ್ನೊಂದರಲ್ಲಿ "ಪದವಿಗೆ ಎಷ್ಟು ವರ್ಷ?" ಮೊದಲನೆಯದರಲ್ಲಿ ಐಟಿಐ ಮುಂದೆ ಕಾಣುತ್ತದೆ. ಎರಡನೆಯದರಲ್ಲಿ 2 ಮತ್ತು 3 ಸೇರಿ ಐದೇ ವರ್ಷಕ್ಕೆ ಬಿಎ, ಬಿಕಾಂ ಮುಗಿಯುವುದು ಎದ್ದು ಕಾಣುತ್ತದೆ. ಯಾವುದನ್ನು ಅಳೆಯುತ್ತೀರಿ ಅನ್ನುವುದರಲ್ಲೇ ಅರ್ಧ ತೀರ್ಪು ಅಡಗಿರುತ್ತದೆ. ಅದಕ್ಕೇ ಎರಡೂ ಅಳತೆ ಬೇಕು.

ಇನ್ನೊಂದು ಕಡೆ ನನಗೆ ಬೈಗುಳ ಬಿದ್ದಿದೆ. ಎಲ್ಲವನ್ನೂ ಸಮ ಮಾಡಿ ತೋರಿಸಿದರೆ ನ್ಯಾಯ ಅಂತ ಕೆಲವರು ತಿಳಿದಿದ್ದಾರೆ. ಸಮ ಇಲ್ಲದ್ದನ್ನು ಸಮ ಅಂದರೆ ಅದು ಸುಳ್ಳು. ವಿಜ್ಞಾನ ಓದಿದವರು ಬಿಕಾಂಗೆ ಹೋಗಬಹುದು, ವಾಣಿಜ್ಯ ಓದಿ ಬಿಇಗೆ ಹೋಗೋಕೆ ಆಗಲ್ಲ. ಇದನ್ನು ಬರೆಯಲೇಬೇಕು. ಆದರೆ ಅದರ ಪಕ್ಕದಲ್ಲೇ ಬೆಲೆಯನ್ನೂ ಬರೆಯಬೇಕು. ಕನ್ನಡ ಮಾಧ್ಯಮದ ಹುಡುಗನಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಬರುತ್ತವೆ, ಬಹಳ ಮನೆಗಳಲ್ಲಿ ಕಾಲೇಜು ಫೀ ಜೊತೆ ಟ್ಯೂಷನ್ ಫೀ ಬೇರೆ, ಎರಡು ವರ್ಷ ತೇಕಿ ನಪಾಸಾದರೆ ಆ "ತೆರೆದ ಬಾಗಿಲು" ಯಾವುದೂ ತೆರೆದಿರುವುದಿಲ್ಲ. ಹಾಗೇ ಸಿಎ ಫೌಂಡೇಶನ್, ಕಾನೂನು, ಕೆಎಎಸ್, ಬ್ಯಾಂಕು, ಇವುಗಳಿಗೆ ಪಿಯುಸಿಯಲ್ಲಿ ಯಾವ ವಿಭಾಗ ಅನ್ನುವ ಕಟ್ಟು ಇಲ್ಲ. ಇವನ್ನು ಒಂದೇ ವಿಭಾಗದ ಸಾಲಿನಲ್ಲಿ ಹಾಕಿದರೆ ಆ ವಿಭಾಗಕ್ಕೆ ಬಿಟ್ಟಿ ತೂಕ ಸಿಗುತ್ತದೆ. ಅದಕ್ಕೆ "ಯಾವ ಪಿಯುಸಿಯಾದರೂ ನಡೆಯುತ್ತದೆ" ಅಂತ ಬೇರೆಯೇ ಸ್ಲೈಡು ಮಾಡಿದೆ.

ಮತ್ತೆ ನಮ್ಮ ಕನ್ನಡದ ಒಂದು ಪುಟ್ಟ ಅಕ್ಷರ. "ಕಲಾ ವಿಭಾಗದವರೂ ಕೆಎಎಸ್ ಮಾಡಬಹುದು" ಅಂತ ಬರೆದಿದ್ದೆ, ಹೊಗಳುತ್ತಿದ್ದೇನೆ ಅಂದುಕೊಂಡು. ಗದಗಿನ ಒಬ್ಬ ಮೇಷ್ಟ್ರು ಹಿಡಿದರು: "ಆ 'ವರೂ' ಯಾಕ್ರಿ? 'ವರು' ಅಂದ್ರ ಸಾಲೂದಿಲ್ಲೇನು?" ಹೌದಲ್ವಾ! ಆ ದೀರ್ಘದಲ್ಲಿ 'ಅವರು ಕೂಡ, ಪಾಪ' ಅನ್ನುವ ದನಿ ಇತ್ತು. "ಐಟಿಐ ಆದರೆ ಸಾಕು", "ಬರೀ ಆರ್ಟ್ಸ್" ಇವೂ ಇದೇ ಜಾತಿಯವು. ಈಗ ಸ್ಲೈಡು ಹಾಕುವ ಮುಂಚೆ 'ಊ', 'ಬರೀ', 'ಸಾಕು', 'ಆದರೂ' ಎಲ್ಲೆಲ್ಲಿವೆ ಅಂತ ಹುಡುಕಿ, ಅದೇ ವಾಕ್ಯವನ್ನು ವಿಜ್ಞಾನದ ಹೆಸರು ಹಾಕಿ ಓದುತ್ತೇನೆ. "ವಿಜ್ಞಾನದವರೂ ಕೆಎಎಸ್ ಮಾಡಬಹುದು." ನಗು ಬಂದರೆ ವಾಕ್ಯ ಬದಲಿಸುತ್ತೇನೆ.

ಕೊನೆಯ ಸ್ಲೈಡಿನಲ್ಲಿ ನಾನು ಏನೂ ಬರೆಯುವುದಿಲ್ಲ. ಐದು ಹೆಸರು, ಎದುರಿಗೆ ಖಾಲಿ ಮನೆಗಳು: ಕಾಲೇಜು ಎಲ್ಲಿ, ಬಸ್ಸು ಎಷ್ಟು ಹೊತ್ತಿಗೆ, ವರ್ಷದ ಒಟ್ಟು ಖರ್ಚು, ಯಾವ ಭಾಷೆಯಲ್ಲಿ ಪಾಠ. ಇವುಗಳ ಉತ್ತರ ಊರಿಂದ ಊರಿಗೆ ಬೇರೆ, ಧಾರವಾಡದಲ್ಲಿ ಕೂತವಳಿಗೆ ಏನು ಗೊತ್ತು. ಬ್ಯಾಡಗಿಯ ಹುಡುಗಿ ಅದನ್ನು ಪೆನ್ನಿನಲ್ಲಿ ತುಂಬಿ ಫೋಟೊ ಕಳಿಸಿದ್ದಳು. ಎರಡು ಸಾಲು ಪೂರ್ತಿ ತುಂಬಿತ್ತು. ಡಿಪ್ಲೊಮಾ ಎದುರಿನ ಬಸ್ಸಿನ ಮನೆಯಲ್ಲಿ ಮಾತ್ರ "ಕೇಳಿ ಹೇಳ್ತೀನಿ ಮೇಡಂ" ಅಂತ ಬರೆದಿದ್ದಳು.