ರೆಜೀಮ್ ಫಿಲ್ಟರ್: ಕಿಟಕಿಯಿಂದ ಹೊರಬೀಳುವ ಹಳೆಯ ದಿನದ ಲೆಕ್ಕ

ವಿಜಯಪುರದ ನಮ್ಮ ಭಾನುವಾರದ ಗುಂಪಿನಲ್ಲಿ ಈ ಸಲ ಓದಿದ್ದು ರೆಜೀಮ್ ಫಿಲ್ಟರ್. ಮಾರುಕಟ್ಟೆ ಒಂದು ಬಗೆಯ ಸ್ಥಿತಿಯಲ್ಲಿದ್ದರೆ ಸ್ಟ್ರಾಟಜಿಯನ್ನು ಓಡಿಸುವುದು, ಬೇರೆ ಸ್ಥಿತಿಗೆ ಹೋದರೆ ಬಂದ್ ಮಾಡುವುದು. ಸ್ಥಿತಿಯನ್ನು ಅಳೆಯಲು ಸಾಮಾನ್ಯವಾಗಿ ಎರಡು ಅಳತೆಗೋಲು ಬಳಸುತ್ತಾರೆ. ಒಂದು ವೊಲಟಿಲಿಟಿ, ಅಂದರೆ ದಿನದ ಏರಿಳಿತ ಎಷ್ಟು ಜೋರಾಗಿದೆ ಎಂಬುದು. ಇನ್ನೊಂದು ಟ್ರೆಂಡ್‌ನ ಸ್ಲೋಪ್, ಅಂದರೆ ಮೂವಿಂಗ್ ಆವರೇಜ್ ಮೇಲಕ್ಕೆ ಹೊರಟಿದೆಯೋ ಕೆಳಕ್ಕೋ ಎಂಬುದು.

ಚರ್ಚೆಗೆ ಒಂದು ಸರಳ ಸ್ಟ್ರಾಟಜಿ ಇಟ್ಟುಕೊಂಡೆವು. ನಿಫ್ಟಿ ಸತತ ಮೂರು ದಿನ ಕೆಳಗೆ ಮುಗಿದರೆ ಕೊಳ್ಳುವುದು, ಮೊದಲ ಸಲ ಮೇಲೆ ಮುಗಿದ ದಿನ ಮಾರುವುದು. ಇಂಥ ‘ಬಿದ್ದಾಗ ಕೊಳ್ಳುವ’ ಸ್ಟ್ರಾಟಜಿಗೆ ದೊಡ್ಡ ಕುಸಿತವೇ ಶತ್ರು. ಮೂರು ದಿನ ಬಿದ್ದದ್ದು ಹತ್ತು ದಿನ ಬೀಳಬಹುದು. ಅದಕ್ಕೇ ಏರಿಳಿತ ಶೇ 20 ದಾಟಿದರೆ ಹೊಸ ಖರೀದಿ ಬೇಡ ಎಂಬ ಫಿಲ್ಟರ್ ಹಾಕುತ್ತಾರೆ.

ಆಗ ಒಬ್ಬರು ಕೇಳಿದರು: “ಸರ್, ಮಾರ್ಕೆಟ್ ಶಾಂತ ಆಗಿ ಎರಡು ವಾರ ಆತು. ಆದ್ರೂ ಫಿಲ್ಟರ್ ಯಾಕ ಬಂದ್ ತೋರಿಸ್ತದ?” ಈ ಟಿಪ್ಪಣಿ ಬಹುಪಾಲು ಆ ಪ್ರಶ್ನೆಗೆ ಉತ್ತರ.

ಮೊದಲು ಲೆಕ್ಕ. ಕಳೆದ 20 ದಿನಗಳ ದಿನದ ಬದಲಾವಣೆ ತೆಗೆದುಕೊಂಡು ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಹುಡುಕುತ್ತೇವೆ. ವರ್ಷಕ್ಕೆ ಸುಮಾರು 252 ವಹಿವಾಟಿನ ದಿನ ಎಂದು ಹಿಡಿದು, 252ರ ವರ್ಗಮೂಲದಿಂದ, ಅಂದರೆ 15.87ರಿಂದ ಗುಣಿಸುತ್ತೇವೆ. ದಿನಕ್ಕೆ ಸರಾಸರಿ ಶೇ 0.8 ಅಲುಗಾಡುವ ಶಾಂತ ಮಾರುಕಟ್ಟೆಯಲ್ಲಿ ಇದು ಶೇ 12.7 ಬರುತ್ತದೆ.

ಈಗ ಆ 20 ದಿನಗಳಲ್ಲಿ ಒಂದೇ ಒಂದು ದಿನ ಶೇ 5.93 ಬೀಳಲಿ, ಉಳಿದ 19 ದಿನ ಮೊದಲಿನಂತೆ ಶೇ 0.8 ಇರಲಿ. ಬದಲಾವಣೆಗಳ ವರ್ಗ ಮಾಡಿ ಕೂಡಿದರೆ ಆ ಒಂದು ದಿನದ ಪಾಲು 35ರ ಹತ್ತಿರ, ಉಳಿದ ಹತ್ತೊಂಬತ್ತೂ ಸೇರಿ ಬರೀ 12. ಉತ್ತರ ಶೇ 12.7ರಿಂದ ಒಮ್ಮೆಲೇ 24ಕ್ಕೆ ಜಿಗಿಯುತ್ತದೆ. ಸರಾಸರಿಯನ್ನು ಸೊನ್ನೆ ಎಂದು ಹಿಡಿದಿದ್ದೇನೆ, ಅದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ಜಿಗಿತ ಸರಿಯೇ, ಬಿದ್ದದ್ದು ನಿಜ ಅಲ್ವಾ. ತೊಂದರೆ ಇರುವುದು ಮುಂದೆ. ಮರುದಿನದಿಂದ ಮಾರುಕಟ್ಟೆ ಪೂರ್ತಿ ತಣ್ಣಗಾದರೂ ಈ 24 ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಆ ದಿನ 20 ದಿನಗಳ ಕಿಟಕಿಯಿಂದ ಹೊರಬಿದ್ದಾಗ ಒಂದೇ ಏಟಿಗೆ 12.7ಕ್ಕೆ ಇಳಿಯುತ್ತದೆ. ಸ್ವಿಚ್ ಮತ್ತೆ ಆನ್ ಆದದ್ದು ಆ ದಿನ ಏನೋ ಒಳ್ಳೆಯದಾಯಿತು ಎಂದಲ್ಲ. ತಿಂಗಳ ಹಿಂದಿನ ಒಂದು ದಿನ ಲೆಕ್ಕದಿಂದ ಜಾರಿತು, ಅಷ್ಟೇ.

ಶೇ 5.93 ಎಂಬ ಅಂಕಿಯನ್ನು ಸುಮ್ನೆ ತೆಗೆದುಕೊಂಡಿಲ್ಲ. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, ನಿಫ್ಟಿ ಅಷ್ಟು ಬಿದ್ದು 21,884ರ ಹತ್ತಿರ ಮುಗಿಯಿತು. ಹಿಂದಿನ ದಿನ ಶೇ 3ಕ್ಕಿಂತ ಜಾಸ್ತಿ ಏರಿತ್ತು, ಮರುದಿನವೂ ಅಷ್ಟೇ ಏರಿತು. ಜೂನ್ 7ಕ್ಕೆ ಸೂಚ್ಯಂಕ ಫಲಿತಾಂಶದ ಮೊದಲಿನ ಮಟ್ಟ ದಾಟಿತ್ತು. ಆದರೆ 20 ದಿನಗಳ ಫಿಲ್ಟರ್ ಜುಲೈ ಮೊದಲ ವಾರದವರೆಗೂ ಬಂದ್. ಅದು ತೆರೆದುಕೊಳ್ಳುವಾಗ ನಿಫ್ಟಿ 24,000 ದಾಟಿ ಆಗಿತ್ತು.

ಅದೇ ಸಮಯದಲ್ಲಿ ಇಂಡಿಯಾ ವಿಕ್ಸ್ ಬೇರೆ ಕಥೆ ಹೇಳುತ್ತಿತ್ತು. ಎನ್‌ಎಸ್‌ಇ ಇದನ್ನು ನಿಫ್ಟಿ ಆಪ್ಷನ್‌ಗಳ ಬೆಲೆಯಿಂದ ಲೆಕ್ಕ ಹಾಕುತ್ತದೆ. ಮುಂದಿನ 30 ದಿನ ಎಷ್ಟು ಏರಿಳಿತ ಬರಬಹುದು ಎಂಬ ಮಾರುಕಟ್ಟೆಯ ಅಂದಾಜು ಅದು. ಚುನಾವಣೆಯ ಭಯಕ್ಕೆ ಮೇ ತಿಂಗಳಲ್ಲೇ ಅದು 20 ದಾಟಿತ್ತು. ಜೂನ್ 4ರಂದು 26ರ ಮೇಲೆ ಮುಗಿದು, ಮರುದಿನವೇ 19ರ ಆಸುಪಾಸಿಗೆ ಇಳಿಯಿತು. ಅಂದರೆ ವಿಕ್ಸ್ ಮೇಲಿನ ಫಿಲ್ಟರ್ ಮೊದಲೇ ಬಂದ್ ಆಗಿ ಬೇಗ ತೆರೆಯುತ್ತಿತ್ತು, ಕಳೆದ ದಿನಗಳ ಮೇಲಿನ ಫಿಲ್ಟರ್ ತಡವಾಗಿ ಬಂದ್ ಆಗಿ ತಡವಾಗಿ ತೆರೆಯುತ್ತಿತ್ತು. ಎರಡಕ್ಕೂ ‘ವೊಲಟಿಲಿಟಿ ಫಿಲ್ಟರ್’ ಎಂದೇ ಹೆಸರು. ಯಾರಾದರೂ ತಮ್ಮ ಫಲಿತಾಂಶ ತೋರಿಸಿದರೆ ಯಾವುದನ್ನು ಬಳಸಿದ್ದೀರಿ ಎಂದು ಮೊದಲು ಕೇಳಿ.

ಕಿಟಕಿಯ ಈ ತೊಂದರೆಗೆ ಒಂದು ಮದ್ದು, ಹಳೆಯ ದಿನಗಳ ತೂಕವನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಹೋಗುವುದು. ಪ್ರತಿದಿನ ಹಿಂದಿನ ಲೆಕ್ಕದ 0.94 ಪಾಲು, ಇವತ್ತಿನ ವರ್ಗದ 0.06 ಪಾಲು ಕೂಡಿಸುತ್ತಾರೆ. ಮೇಲಿನ ಉದಾಹರಣೆಗೇ ಇದನ್ನು ಹಾಕಿದರೆ ಏರಿಳಿತ ಶೇ 26ಕ್ಕೆ ಜಿಗಿದು, 13 ದಿನಗಳಲ್ಲಿ ನಿಧಾನಕ್ಕೆ 20ರ ಕೆಳಗೆ ಬರುತ್ತದೆ. ಮೆಟ್ಟಿಲಿನಂತೆ ಧುಮುಕುವುದಿಲ್ಲ. ಆದರೆ 16ರ ಕೆಳಗೆ ಇಳಿಯಲು 28 ದಿನ ಬೇಕು, ಕಿಟಕಿ ಲೆಕ್ಕಕ್ಕಿಂತ ಜಾಸ್ತಿ. ಪುಕ್ಕಟೆ ಲಾಭ ಇಲ್ಲ.

16 ಎಲ್ಲಿಂದ ಬಂತು ಎಂದರೆ, ಬಂದ್ ಮಾಡುವ ಮಟ್ಟ ಮತ್ತು ತೆರೆಯುವ ಮಟ್ಟ ಬೇರೆ ಬೇರೆ ಇರಬೇಕು. ಮನೆಯ ಮೇಲಿನ ಟ್ಯಾಂಕಿನ ಆಟೋಮ್ಯಾಟಿಕ್ ಸ್ವಿಚ್ ನೋಡಿ. ನೀರು ತಳಕ್ಕೆ ಇಳಿದಾಗ ಮೋಟಾರ್ ಶುರು, ತುಂಬಿದಾಗ ನಿಲ್ಲುತ್ತದೆ. ಎರಡಕ್ಕೂ ಒಂದೇ ಗೆರೆ ಇದ್ದಿದ್ದರೆ ಮೋಟಾರ್ ನಿಮಿಷಕ್ಕೊಮ್ಮೆ ಹತ್ತಿ ಆರಿ ಸುಟ್ಟೇ ಹೋಗುತ್ತಿತ್ತು. ಫಿಲ್ಟರ್‌ನಲ್ಲೂ 20ರ ಒಂದೇ ಗೆರೆ ಇದ್ದರೆ 19.8, 20.3, 19.9 ಎಂದು ಓಲಾಡುವ ವಾರದಲ್ಲಿ ದಿನಕ್ಕೊಂದು ಸಲ ಸ್ವಿಚ್ ಬೀಳುತ್ತದೆ. 20 ದಾಟಿದರೆ ಬಂದ್, 16ಕ್ಕಿಂತ ಇಳಿದರೆ ಮಾತ್ರ ಆನ್, ನಡುವೆ ಇದ್ದರೆ ಹಿಂದಿನ ಸ್ಥಿತಿಯೇ ಮುಂದುವರಿಯಲಿ. ಕೆಳಗಿನ ಕೋಡಿನಲ್ಲಿ `close` ಎಂದರೆ ನಿಫ್ಟಿಯ ದಿನದ ಮುಕ್ತಾಯದ ಬೆಲೆಗಳ ಸಾಲು:

```python
import numpy as np
import pandas as pd

r = close.pct_change()
vol = r.rolling(20).std() * 252**0.5 * 100

on = pd.Series(np.nan, index=close.index)
on[vol > 20] = 0
on[vol < 16] = 1
on = on.ffill().shift(1).fillna(0)
```

ಕೊನೆಯ ಸಾಲಿನ `shift(1)` ಮರೆತರೆ ಹಳೆಯ ಬೆಲೆಗಳ ಮೇಲೆ ಓಡಿಸುವ ಬ್ಯಾಕ್‌ಟೆಸ್ಟ್ ಸುಳ್ಳು ಹೇಳುತ್ತದೆ. ಇವತ್ತಿನ ಮುಕ್ತಾಯದ ಬೆಲೆಯಿಂದ ಬಂದ ಫಿಲ್ಟರ್ ಇವತ್ತಿನ ಲಾಭನಷ್ಟಕ್ಕೇ ಅನ್ವಯಿಸಿದರೆ, ಜೂನ್ 4ರಂಥ ದಿನ ಬೀಳುವ ಮೊದಲೇ ನಾವು ಹೊರಗಿದ್ದೆವು ಎಂದು ತೋರುತ್ತದೆ. ಪತ್ತೆ ಹಚ್ಚುವುದು ಸುಲಭ. ಅತಿ ದೊಡ್ಡ ಕುಸಿತದ ಐದಾರು ದಿನ ತೆಗೆದು ನೋಡಿ. ಮೊದಲ ಕುಸಿತದ ದಿನವೇ ಫಿಲ್ಟರ್ ಪ್ರತಿ ಸಲ ಬಂದ್ ಇದ್ದರೆ ಎಲ್ಲೋ ಒಂದು ದಿನ ಮುಂದೆ ಇಣುಕಿದ್ದೀರಿ.

ಹಾಗಾದರೆ ಇಂಥ ಫಿಲ್ಟರ್ ಕೆಲಸಕ್ಕೆ ಬರುವುದು ಯಾವಾಗ? 2020ರ ಮಾರ್ಚ್ ಒಳ್ಳೆಯ ಉದಾಹರಣೆ. ಆ ಕುಸಿತ ಒಂದೇ ದಿನ ಬಂದದ್ದಲ್ಲ. ಫೆಬ್ರವರಿ 28ರಂದು ನಿಫ್ಟಿ ಶೇ 3.7 ಬಿತ್ತು. ಮಾರ್ಚ್ 9ರಂದು ಮತ್ತೆ ಶೇ 5ರ ಹತ್ತಿರ ಬಿದ್ದು 10,451ಕ್ಕೆ ಮುಗಿಯಿತು. ಅಷ್ಟೊತ್ತಿಗೆ ಫಿಲ್ಟರ್ ಬಂದ್ ಆಗಿತ್ತು. ಮಾರ್ಚ್ 23ಕ್ಕೆ ಅದೇ ನಿಫ್ಟಿ 7,610. ಬಿದ್ದಾಗ ಕೊಳ್ಳುವವರಿಗೆ ನಡುವಿನ ಶೇ 27ರ ಕುಸಿತ ತಪ್ಪಿತು. ಏರಿಳಿತ ಮೊದಲು ಬಂದು, ದೊಡ್ಡ ಪೆಟ್ಟು ಆಮೇಲೆ ಬಂದದ್ದರಿಂದ ಫಿಲ್ಟರ್‌ಗೆ ಸಮಯ ಸಿಕ್ಕಿತು. 2024ರಲ್ಲಿ ಪೆಟ್ಟೇ ಮೊದಲು ಬಂತು, ಹಿಂದೆ ಏನೂ ಬರಲಿಲ್ಲ. 2020ರಲ್ಲೂ ಬೆಲೆ ಕಟ್ಟಬೇಕಾಯಿತು: ಎಪ್ರಿಲ್, ಮೇ ಪೂರ್ತಿ ಫಿಲ್ಟರ್ ಬಂದ್, ಮೇ ಕೊನೆಗೆ ನಿಫ್ಟಿ 9,580.

ಸ್ಲೋಪ್ ಫಿಲ್ಟರ್ ಇದಕ್ಕಿಂತ ಬುದ್ಧಿವಂತ ಎಂದು ಬಹಳ ಜನ ನಂಬುತ್ತಾರೆ. 200 ದಿನಗಳ ಸರಾಸರಿ ಏರುತ್ತಿದ್ದರೆ ಆನ್, ಇಳಿಯುತ್ತಿದ್ದರೆ ಬಂದ್. ಇದರ ಒಳಗನ್ನು ಬಿಚ್ಚಿ ನೋಡಿದರೆ ಮತ್ತದೇ ಕಿಟಕಿ. ಸರಾಸರಿಗೆ ಇವತ್ತು ಒಂದು ಬೆಲೆ ಸೇರುತ್ತದೆ, 200 ದಿನ ಹಿಂದಿನ ಒಂದು ಬೆಲೆ ಹೋಗುತ್ತದೆ. ಹಾಗಾಗಿ ಸರಾಸರಿಯ ಒಂದು ದಿನದ ಬದಲಾವಣೆ ಎಂದರೆ ಇಷ್ಟೇ: (ಇವತ್ತಿನ ಬೆಲೆ − 200 ದಿನ ಹಿಂದಿನ ಬೆಲೆ) ÷ 200. ನಡುವಿನ 199 ಬೆಲೆಗಳಿಗೆ ಇದರಲ್ಲಿ ಮಾತೇ ಇಲ್ಲ!

2021ರ ಜನವರಿ 8ರಂದು ನಿಫ್ಟಿ 14,300 ದಾಟಿತ್ತು. ಆಗ ಕಿಟಕಿಯಿಂದ ಹೊರಬೀಳುತ್ತಿದ್ದದ್ದು 2020ರ ಮಾರ್ಚ್‌ನ 7,600ರಂಥ ಬೆಲೆಗಳು. ವ್ಯತ್ಯಾಸ ಸುಮಾರು 6,700, ಅದನ್ನು 200ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 33 ಅಂಶ. ಸ್ಲೋಪ್ ಬಹಳ ಕಡಿದಾಗಿ ಕಂಡಿತು. ಅದರಲ್ಲಿ ಆ ವಾರದ ಉತ್ಸಾಹದ ಪಾಲು ಎಷ್ಟು, ಒಂಬತ್ತು ತಿಂಗಳ ಹಿಂದಿನ ಕುಸಿತದ ಪಾಲು ಎಷ್ಟು? ಸ್ಲೋಪಿನ ಅಂಕಿ ನೋಡಿ ಅದನ್ನು ಬೇರ್ಪಡಿಸಲು ಆಗುವುದಿಲ್ಲ. ಸ್ಲೋಪ್ ಎಷ್ಟು ಕಡಿದು ಎಂಬುದರ ಮೇಲೆ ಹಣದ ಪ್ರಮಾಣ ನಿರ್ಧರಿಸುವವರು ಇದನ್ನು ಯೋಚಿಸಬೇಕು. ಬರೀ ಏರಿಕೆಯೋ ಇಳಿಕೆಯೋ ನೋಡುವವರಿಗೆ ಪರವಾಗಿಲ್ಲ, ಆದರೆ ಅವರು ಮಾಡುತ್ತಿರುವುದು ಇವತ್ತಿನ ಬೆಲೆಯನ್ನು 200 ದಿನ ಹಿಂದಿನ ಬೆಲೆಯ ಜೊತೆ ಹೋಲಿಸುವುದನ್ನೇ.

ಇನ್ನು ಫಿಲ್ಟರ್ ಚೆನ್ನಾಗಿದೆಯೇ ಎಂದು ಹೇಗೆ ತೀರ್ಮಾನಿಸುವುದು? ಫಿಲ್ಟರ್ ಬಿಟ್ಟುಬಿಟ್ಟ ವ್ಯವಹಾರಗಳನ್ನೇ ಪಟ್ಟಿ ಮಾಡಿ ನೋಡಬೇಕು. ಲೆಕ್ಕಕ್ಕೆ ಕಟ್ಟಿದ ಒಂದು ಉದಾಹರಣೆ: ಬಿಟ್ಟದ್ದು 14 ವ್ಯವಹಾರ, ಅವುಗಳ ಸರಾಸರಿ ಲಾಭ ಶೇ 0.5, ಹರಡುವಿಕೆ ಶೇ 3. 3ನ್ನು 14ರ ವರ್ಗಮೂಲದಿಂದ ಭಾಗಿಸಿದರೆ 0.8. ಸರಾಸರಿ 0.5, ಅದರ ಅನಿಶ್ಚಿತತೆಯೇ 0.8. ಅಂದರೆ ಆ ವ್ಯವಹಾರಗಳು ಒಳ್ಳೆಯವೋ ಕೆಟ್ಟವೋ ಹೇಳಲು ಬರುವುದಿಲ್ಲ, ಹೇಳಲು ಬರುವುದು ಅವು ಒರಟು ಎಂಬುದಷ್ಟೇ. ಒರಟುತನಕ್ಕೆ ಪೂರ್ತಿ ಬಂದ್ ಮಾಡುವುದೇ ಮದ್ದಲ್ಲ. ಏರಿಳಿತ ಎರಡು ಪಟ್ಟಾದಾಗ ಹಣವನ್ನು ಅರ್ಧಕ್ಕೆ ಇಳಿಸಿದರೂ ನಡೆಯುತ್ತದೆ. ಬಿದ್ದಾಗ ಕೊಳ್ಳುವ ಸ್ಟ್ರಾಟಜಿಗೆ ನನಗೆ ಇದೇ ಹೆಚ್ಚು ಸರಿ ಎನಿಸುತ್ತದೆ. ಭಯ ಜಾಸ್ತಿ ಇದ್ದಾಗಲೇ ಪುಟಿತವೂ ದೊಡ್ಡದಿರುತ್ತದೆ.

ಮತ್ತೊಂದು ಪರೀಕ್ಷೆ ಮಾಡಬಹುದು. ಫಿಲ್ಟರ್‌ನ ಆನ್–ಬಂದ್ ಸಾಲನ್ನು ಹಾಗೇ ಇಟ್ಟು, ಅದನ್ನು ಇಡಿಯಾಗಿ ಬೇರೆ ಬೇರೆ ದಿನಗಳಷ್ಟು ಸರಿಸಿ ಸಾವಿರ ಸಲ ಬ್ಯಾಕ್‌ಟೆಸ್ಟ್ ಓಡಿಸಿ, `np.roll(on, k)` ಸಾಕು. ಬಂದ್ ಇರುವ ದಿನಗಳ ಸಂಖ್ಯೆಯೂ ಅವು ಗುಂಪುಗೂಡಿರುವ ರೀತಿಯೂ ಬದಲಾಗುವುದಿಲ್ಲ, ಸಮಯ ಮಾತ್ರ ತಪ್ಪುತ್ತದೆ. ಸಾವಿರದಲ್ಲಿ ಇನ್ನೂರು ಮುನ್ನೂರು ಸಲ ತಪ್ಪು ಸಮಯದ ಫಿಲ್ಟರ್ ನಿಜವಾದದ್ದಕ್ಕಿಂತ ಚೆನ್ನಾಗಿ ಬಂದರೆ, ನಿಮ್ಮ ಲಾಭ ಬಂದದ್ದು ಕಡಿಮೆ ದಿನ ಮಾರುಕಟ್ಟೆಯಲ್ಲಿ ಇದ್ದದ್ದರಿಂದ ಇರಬಹುದು, ಫಿಲ್ಟರ್‌ನ ಜಾಣತನದಿಂದಲ್ಲ. 20ರ ಬದಲು 18, 22, 24 ಹಾಕಿಯೂ ನೋಡಿ. 20ಕ್ಕೆ ಮಾತ್ರ ಚಂದದ ಗೆರೆ ಬಂದರೆ ಅದು 2020ರ ಮಾರ್ಚ್‌ಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಬಂದ್ ಇದ್ದ ದಿನಗಳು ನೂರಾರು ಇದ್ದರೂ ಬಂದ್ ಆದ ಘಟನೆಗಳು ಬೆರಳೆಣಿಕೆ, ಪುರಾವೆ ಎಂದು ಎಣಿಸಬೇಕಾದ್ದು ಘಟನೆಗಳನ್ನೇ.

ಕೈಯಲ್ಲಿ ವ್ಯವಹಾರ ಇರುವಾಗ ಫಿಲ್ಟರ್ ಬಂದ್ ಆದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು. ತಕ್ಷಣ ಮಾರಿದರೆ ಜೂನ್ 5ರ ಬೆಳಿಗ್ಗೆ, ಕುಸಿತ ಮುಗಿದ ಮೇಲೆ, ಪುಟಿಯುವ ಮೊದಲು ಮಾರಿದಂತೆ. ಹೊಸ ಖರೀದಿ ಮಾತ್ರ ನಿಲ್ಲಿಸಿ ಇದ್ದದ್ದನ್ನು ಅದರ ನಿಯಮದಂತೆ ಬಿಟ್ಟರೆ ಬಂದ್ ಆಗುವ ಮೊದಲು ಕೊಂಡದ್ದು ಕುಸಿತದ ನಡುವೆಯೂ ಕೈಯಲ್ಲೇ ಉಳಿದು, ಮೊದಲ ಏರಿಕೆಯ ದಿನ ನಷ್ಟದಲ್ಲಿ ಹೊರಬರಬಹುದು. ಎರಡನ್ನೂ ಬೇರೆ ಬೇರೆ ಓಡಿಸಿ ನೋಡಿದರೆ ಎಷ್ಟೋ ಸಲ ಈ ಒಂದು ನಿಯಮದ ವ್ಯತ್ಯಾಸ, 20 ಇರಬೇಕೋ 22 ಇರಬೇಕೋ ಎಂಬ ವ್ಯತ್ಯಾಸಕ್ಕಿಂತ ದೊಡ್ಡದಾಗಿ ಬರುತ್ತದೆ.