ಏಕಮಾನಗಳ ಸರಪಳಿ: ಎಣ್ಣೆ ಪ್ಯಾಕೆಟ್ಟಿನಿಂದ ಕಾವೇರಿ ಕೊಳವೆಯವರೆಗೆ

ಅಂಗಡಿಯಿಂದ ತಂದ ಒಂದು ಲೀಟರ್ ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದರೆ, ಅದೇ ಪರಿಮಾಣವನ್ನು 910 ಗ್ರಾಂ ಎಂದೂ ಮುದ್ರಿಸಿರುವುದು ಕಾಣುತ್ತದೆ. ಹೀಗೆ ಪಕ್ಕಪಕ್ಕದಲ್ಲಿ ಬರೆದ ಎರಡು ಸಂಖ್ಯೆಗಳು ಒಂದೇ ಎಣ್ಣೆಯನ್ನು ಎರಡು ಬಗೆಯಲ್ಲಿ ಹೇಳುತ್ತಿವೆ: ಒಂದು ಅದು ಆಕ್ರಮಿಸುವ ಜಾಗವನ್ನು, ಇನ್ನೊಂದು ಅದರ ತೂಕವನ್ನು. ಇವೆರಡನ್ನು ಒಂದರ ಮೇಲೊಂದು ಇಟ್ಟು ನಡುವೆ ಗೆರೆ ಎಳೆದರೆ ಅದೇ ಆ ಎಣ್ಣೆಯ ಸಾಂದ್ರತೆ, ಅಂದರೆ ಲೀಟರಿಗೆ 910 ಗ್ರಾಂ.

ಈಗ 15 ಲೀಟರಿನ ಒಂದು ಡಬ್ಬ ಎಣ್ಣೆ ಎಷ್ಟು ತೂಗುತ್ತದೆ ಎಂದು ತಿಳಿಯಬೇಕಾಗಿದೆ ಎಂದುಕೊಳ್ಳಿ. ಸಂಖ್ಯೆಯ ಜೊತೆಗೆ ಏಕಮಾನವನ್ನೂ ಬರೆಯುತ್ತ ಹೋಗೋಣ.

15 ಲೀಟರ್ × (910 ಗ್ರಾಂ / 1 ಲೀಟರ್) × (1 ಕಿಲೋಗ್ರಾಂ / 1000 ಗ್ರಾಂ) = 13.65 ಕಿಲೋಗ್ರಾಂ

ಮೇಲಿರುವ ಲೀಟರನ್ನು ಕೆಳಗಿರುವ ಲೀಟರ್ ಹೊಡೆದುಹಾಕುತ್ತದೆ, ಗ್ರಾಂ ಕೂಡ ಹಾಗೆಯೇ ಹೋಗುತ್ತದೆ, ಕೊನೆಗೆ ನಮಗೆ ಬೇಕಾದ ಕಿಲೋಗ್ರಾಂ ಮಾತ್ರ ಉಳಿಯುತ್ತದೆ. ಪ್ರತಿಯೊಂದು ಭಿನ್ನರಾಶಿಯಲ್ಲೂ ಮೇಲಿನದು ಮತ್ತು ಕೆಳಗಿನದು ಒಂದೇ ವಸ್ತುವಿನ ಎರಡು ಹೆಸರುಗಳಾದ್ದರಿಂದ, ಅದರಿಂದ ಗುಣಿಸುವುದೆಂದರೆ ಒಂದರಿಂದ ಗುಣಿಸಿದಂತೆ. ಎಣ್ಣೆ ಬದಲಾಗುವುದಿಲ್ಲ, ಅದನ್ನು ಹೇಳುವ ಬಗೆ ಮಾತ್ರ ಬದಲಾಗುತ್ತದೆ. ಇದೇ ಕಾರಣಕ್ಕೆ ಬೇಕೆನಿಸಿದಾಗ ಭಿನ್ನರಾಶಿಯನ್ನು ತಲೆಕೆಳಗು ಮಾಡಲೂಬಹುದು. ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಎಂಬುದನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಹೋಗಬೇಕಾದ ಏಕಮಾನ ಎದುರು ಬದಿಯಲ್ಲಿ ಬರುವಂತೆ ಭಿನ್ನರಾಶಿಯನ್ನು ಇಟ್ಟರೆ ಸಾಕು. ಇದನ್ನೇ ಪಠ್ಯಗಳಲ್ಲಿ ಆಯಾಮ ವಿಶ್ಲೇಷಣೆಯ ವಿಧಾನ ಎನ್ನುತ್ತಾರೆ.

ಆದರೆ ಮೇಲಿನ ಸಾಲಿನಲ್ಲಿರುವ ಎರಡು ಭಿನ್ನರಾಶಿಗಳು ಒಂದೇ ಜಾತಿಯವಲ್ಲ. ಒಂದು ಕಿಲೋಗ್ರಾಮಿಗೆ 1000 ಗ್ರಾಂ ಎನ್ನುವುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಅದು ಎಣ್ಣೆಗೂ ಸರಿ, ಕಬ್ಬಿಣಕ್ಕೂ ಸರಿ. ಲೀಟರಿಗೆ 910 ಗ್ರಾಂ ಎನ್ನುವುದು ಈ ಎಣ್ಣೆಗೆ ಮಾತ್ರ, ಅದೂ ಸಾಮಾನ್ಯ ಉಷ್ಣತೆಯಲ್ಲಿ ಮಾತ್ರ ನಿಜ. ಹಾಲಿಗೆ ಅದು ಸುಮಾರು 1030 ಗ್ರಾಂ. ಸಾಂದ್ರತೆಯಂತೆಯೇ ಹರಿವಿನ ದರವೂ ಎರಡನೆಯ ಜಾತಿಗೆ ಸೇರಿದ್ದು: ನಿಮ್ಮ ಮನೆಯ ಮೋಟಾರು ನಿಮಿಷಕ್ಕೆ 50 ಲೀಟರ್ ಎತ್ತುತ್ತದೆ ಎಂದರೆ, ಆ ಮೋಟಾರಿನ ಮಟ್ಟಿಗೆ 50 ಲೀಟರ್ ನೀರೂ ಒಂದು ನಿಮಿಷವೂ ಪರಸ್ಪರ ಬದಲಿಸಿಕೊಳ್ಳಬಹುದಾದ ವಸ್ತುಗಳು. ಟ್ಯಾಂಕರಿನವರು ಸಂಪಿಗೆ ಸುರಿದ 6000 ಲೀಟರನ್ನು ಮೇಲಿನ ತೊಟ್ಟಿಗಳಿಗೆ ಏರಿಸಲು ಎಷ್ಟು ಹೊತ್ತು ಬೇಕೆಂದರೆ, ಲೀಟರ್ ಕೆಳಗೆ ಬರುವಂತೆ ದರವನ್ನು ತಿರುಗಿಸಿ ಇಡಬೇಕು.

6000 ಲೀಟರ್ × (1 ನಿಮಿಷ / 50 ಲೀಟರ್) = 120 ನಿಮಿಷ

ತಿರುಗಿಸದೆ ಹಾಗೆಯೇ ಗುಣಿಸಿದ್ದರೆ ಮೂರು ಲಕ್ಷ ಬರುತ್ತಿತ್ತು, ಅದರ ಮುಂದೆ ‘ಲೀಟರಿನ ವರ್ಗ ಭಾಗಿಸು ನಿಮಿಷ’ ಎಂಬ ಅರ್ಥವಿಲ್ಲದ ಏಕಮಾನ ನಿಲ್ಲುತ್ತಿತ್ತು. ತಪ್ಪು ಹೀಗೆ ತಾನಾಗಿ ಕೂಗಿ ಹೇಳುವುದೇ ಈ ವಿಧಾನದ ಲಾಭ. ಆದರೆ ಏಕಮಾನವನ್ನು ಬರೆಯದೆ ಬಿಟ್ಟವರಿಗೆ ಆ ಕೂಗು ಕೇಳಿಸುವುದಿಲ್ಲ.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1983ರ ಜುಲೈ 23ರಂದು ಕೆನಡಾದಲ್ಲಿ ನಡೆದ ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನದ ಮಾಪಕ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಸಿಬ್ಬಂದಿ ತೊಟ್ಟಿಗಳ ಮಟ್ಟವನ್ನು ಅಳತೆಗೋಲಿನಿಂದ ನೋಡಿ, ಒಳಗೆ 7,682 ಲೀಟರ್ ಇಂಧನ ಇದೆ ಎಂದು ಲೆಕ್ಕ ಹಾಕಿದರು. ಪ್ರಯಾಣಕ್ಕೆ ಬೇಕಾಗಿದ್ದುದು 22,300 ಕಿಲೋಗ್ರಾಂ. ಲೀಟರನ್ನು ತೂಕಕ್ಕೆ ತಿರುಗಿಸಲು ಅವರ ಕೈಯಲ್ಲಿ ಇದ್ದ ಸಾಂದ್ರತೆ 1.77. ಅದು ಲೀಟರಿಗೆ 1.77 ಪೌಂಡ್. ಆ ಕಾಲಕ್ಕೆ ಕೆನಡಾ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು, ಈ ಹೊಸ ವಿಮಾನದ ಲೆಕ್ಕವೆಲ್ಲ ಕಿಲೋಗ್ರಾಮಿನಲ್ಲಿತ್ತು, ಹಳೆಯ ಲೆಕ್ಕದ ಸಂಖ್ಯೆ ಮಾತ್ರ ಹಾಗೆಯೇ ಉಳಿದಿತ್ತು.

7,682ನ್ನು 1.77ರಿಂದ ಗುಣಿಸಿದಾಗ ಬಂದ 13,597ನ್ನು ಅವರು ಕಿಲೋಗ್ರಾಂ ಎಂದೇ ತಿಳಿದರು. ಕೊರತೆಯಾದ 8,703ನ್ನು ಮತ್ತೆ 1.77ರಿಂದ ಭಾಗಿಸಿ 4,917 ಲೀಟರ್ ತುಂಬಿಸಿದರು. ಅದೇ ಲೆಕ್ಕವನ್ನು ಸರಪಳಿಯಾಗಿ ಬರೆದಿದ್ದರೆ ಹೀಗಿರುತ್ತಿತ್ತು:

7,682 ಲೀಟರ್ × (1.77 ಪೌಂಡ್ / 1 ಲೀಟರ್) = 13,597 ಪೌಂಡ್

ಇಲ್ಲಿ ಸರಪಳಿ ಪೌಂಡಿನಲ್ಲಿ ನಿಂತಿದೆ. ಕಿಲೋಗ್ರಾಂ ಬೇಕಾದವನಿಗೆ ಇನ್ನೂ ಒಂದು ಕೊಂಡಿ ಬೇಕೆಂಬುದು ಕಣ್ಣಿಗೆ ಹೊಡೆಯುತ್ತದೆ.

13,597 ಪೌಂಡ್ × (0.4536 ಕಿಲೋಗ್ರಾಂ / 1 ಪೌಂಡ್) = 6,168 ಕಿಲೋಗ್ರಾಂ

ಕೊರತೆ 16,132 ಕಿಲೋಗ್ರಾಂ. ಅದನ್ನು ಲೀಟರಿಗೆ ತರಲು ಎರಡೂ ಕೊಂಡಿಗಳನ್ನು ತಿರುಗಿಸಿ ಇಡಬೇಕು.

16,132 ಕಿಲೋಗ್ರಾಂ × (1 ಪೌಂಡ್ / 0.4536 ಕಿಲೋಗ್ರಾಂ) × (1 ಲೀಟರ್ / 1.77 ಪೌಂಡ್) = ಸುಮಾರು 20,090 ಲೀಟರ್

ತುಂಬಬೇಕಾದ ಇಂಧನದ ಕಾಲು ಭಾಗದಷ್ಟನ್ನೇ ತುಂಬಿಸಿಕೊಂಡು ಹೊರಟ ವಿಮಾನದ ಎರಡೂ ಎಂಜಿನ್‌ಗಳು ನಡುದಾರಿಯಲ್ಲಿ ಒಂದಾದ ಮೇಲೊಂದು ನಿಂತುಹೋದವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರೂ ಬದುಕಿ ಉಳಿದರು.

ಗಮನಿಸಬೇಕಾದ ಇನ್ನೊಂದು ವಿಷಯವೆಂದರೆ, ಏಕಮಾನವನ್ನು ಮರೆತಿದ್ದರೂ ಈ ತಪ್ಪನ್ನು ಹಿಡಿಯಲು ಸಾಧ್ಯವಿತ್ತು. ಲೀಟರಿಗೆ 1.77 ಕಿಲೋಗ್ರಾಂ ಎಂದರೆ ನೀರಿಗಿಂತ ಮುಕ್ಕಾಲು ಪಟ್ಟು ಹೆಚ್ಚು ಭಾರವಾದ ದ್ರವ. ವಿಮಾನದ ಇಂಧನವೋ ಸೀಮೆಎಣ್ಣೆಯ ಜಾತಿಯದು, ನೀರಿನ ಮೇಲೆ ತೇಲುವಂಥದ್ದು. ಹಾಗಾಗಿ ಯಾವುದೇ ಸಾಂದ್ರತೆಯನ್ನು ಸರಪಳಿಗೆ ಸೇರಿಸುವ ಮೊದಲು ಅದನ್ನು ನೀರಿನ ಲೀಟರಿಗೆ ಒಂದು ಕಿಲೋಗ್ರಾಂ ಎಂಬ ಅಳತೆಯ ಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಈಗ ಹರಿವಿನ ಕಡೆಗೆ, ನಮ್ಮ ಬೆಂಗಳೂರಿಗೇ ಬರೋಣ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಯೋಜನೆಯ ಸಾಮರ್ಥ್ಯ 775 ಎಂಎಲ್‌ಡಿ, ಅಂದರೆ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಅಣೆಕಟ್ಟಿನ ಸುದ್ದಿ ಬಂದಾಗ ಪತ್ರಿಕೆಗಳು ಒಳಹರಿವು, ಹೊರಹರಿವುಗಳನ್ನು ಕ್ಯೂಸೆಕ್‌ನಲ್ಲಿ, ಸಂಗ್ರಹವನ್ನು ಟಿಎಂಸಿಯಲ್ಲಿ ಹೇಳುತ್ತವೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನಮ್ಮ ಕೊಳವೆಯ ನೀರು ಎಷ್ಟು ಕ್ಯೂಸೆಕ್? ಇಲ್ಲಿ ಮೇಲಿರುವ ಲೀಟರೂ ಬದಲಾಗಬೇಕು, ಕೆಳಗಿರುವ ದಿನವೂ ಬದಲಾಗಬೇಕು. ದಿನ ಕೆಳಗಿರುವುದರಿಂದ ಅದನ್ನು ಹೊಡೆಯುವ ಕೊಂಡಿಯಲ್ಲಿ ದಿನ ಮೇಲೆ ಇರಬೇಕು.

(77,50,00,000 ಲೀಟರ್ / 1 ದಿನ) × (1 ಘನ ಮೀಟರ್ / 1000 ಲೀಟರ್) × (1 ದಿನ / 86,400 ಸೆಕೆಂಡ್) = ಸೆಕೆಂಡಿಗೆ 8.97 ಘನ ಮೀಟರ್

ಮುಂದಿನ ಹೆಜ್ಜೆಯಲ್ಲಿ ಪ್ರತಿ ವರ್ಷವೂ ತರಗತಿಯ ಅರ್ಧದಷ್ಟು ಮಂದಿ ಜಾರುತ್ತಾರೆ. ಒಂದು ಅಡಿಗೆ 0.3048 ಮೀಟರ್ ಎಂದು ಗೊತ್ತಿರುವುದರಿಂದ 8.97ನ್ನು 0.3048ರಿಂದ ಭಾಗಿಸಿ 29.4 ಎಂದು ಬರೆದುಬಿಡುತ್ತಾರೆ. ಏಕಮಾನವನ್ನು ಬಿಡದೆ ಬರೆದವರಿಗೆ ಮಾತ್ರ ಅಲ್ಲಿ ಉಳಿದದ್ದು ಘನ ಅಡಿಯಲ್ಲ, ‘ಚದರ ಮೀಟರ್ ಅಡಿ’ ಎಂಬ ಕಲಬೆರಕೆ ಎಂಬುದು ಕಾಣುತ್ತದೆ. ಘನ ಮೀಟರ್ ಎಂದರೆ ಮೀಟರ್ ಮೂರು ಸಲ. ಮೂರನ್ನೂ ಹೊಡೆಯಲು ಅದೇ ಕೊಂಡಿ ಮೂರು ಸಲ ಬೇಕು.

8.97 ಘನ ಮೀಟರ್ / ಸೆಕೆಂಡ್ × (1 ಅಡಿ / 0.3048 ಮೀಟರ್)³ = ಸೆಕೆಂಡಿಗೆ ಸುಮಾರು 317 ಘನ ಅಡಿ

ಇದನ್ನು ಕೈಲೆಕ್ಕದಲ್ಲಿ ಪರೀಕ್ಷಿಸುವುದೂ ಸುಲಭ. ಒಂದು ಮೀಟರ್ ಮೂರು ಅಡಿಗಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಒಂದು ಘನ ಮೀಟರಿನಲ್ಲಿ 27 ಘನ ಅಡಿಗಿಂತ ಹೆಚ್ಚೇ ಇರಬೇಕು. ನಿಜವಾದ ಸಂಖ್ಯೆ 35.3. ಒಂಬತ್ತನ್ನು 35ರಿಂದ ಗುಣಿಸಿದರೆ 315, ನಮ್ಮ ಉತ್ತರದ ಪಕ್ಕದಲ್ಲೇ ಇದೆ. ಇದೇ ಹರಿವನ್ನು ವರ್ಷಪೂರ್ತಿ, ಅಂದರೆ 365 ದಿನ ಗುಣಿಸಿ ಘನ ಅಡಿಗೆ ತಂದರೆ ಹೆಚ್ಚುಕಡಿಮೆ 10 ಟಿಎಂಸಿ ಬರುತ್ತದೆ. ಕೊಂಡಿಗಳನ್ನು ನೀವೇ ಜೋಡಿಸಿ ನೋಡಬಹುದು.

ಪಂಪಿನ ಲೆಕ್ಕ ಮಾಡುವವರಿಗೆ ಬೇಕಾಗುವುದು ಜಾಗವಲ್ಲ, ತೂಕ. ಏಕೆಂದರೆ ಎತ್ತುವಾಗ ಖರ್ಚಾಗುವ ಶಕ್ತಿ ಎಷ್ಟು ಕಿಲೋಗ್ರಾಂ ಎತ್ತುತ್ತೇವೆ ಎಂಬುದನ್ನು ಅವಲಂಬಿಸಿದೆ. ಇಲ್ಲಿ ಸಾಂದ್ರತೆಯೂ ಹರಿವೂ ಒಂದೇ ಸರಪಳಿಯಲ್ಲಿ ಸೇರುತ್ತವೆ.

(8.97 ಘನ ಮೀಟರ್ / 1 ಸೆಕೆಂಡ್) × (1000 ಕಿಲೋಗ್ರಾಂ / 1 ಘನ ಮೀಟರ್) = ಸೆಕೆಂಡಿಗೆ 8,970 ಕಿಲೋಗ್ರಾಂ

ಸೆಕೆಂಡಿಗೆ ಸುಮಾರು ಒಂಬತ್ತು ಟನ್. ಸಿಹಿನೀರಿಗೆ ಈ 1000 ಎಂಬ ಸಂಖ್ಯೆ ನಮ್ಮ ಹವೆಯಲ್ಲಿ ನೂರಕ್ಕೆ ಅರ್ಧದಷ್ಟೂ ತಪ್ಪುವುದಿಲ್ಲವಾದ್ದರಿಂದ ಇಲ್ಲಿ ಉಷ್ಣತೆಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಎಣ್ಣೆ, ಪೆಟ್ರೋಲುಗಳು ಕಾದಾಗ ಹೆಚ್ಚು ಹಿಗ್ಗುವುದರಿಂದ ಅಲ್ಲಿ ನೋಡಿಕೊಳ್ಳಬೇಕು.

ಏಕಮಾನಗಳೆಲ್ಲ ಸರಿಯಾಗಿ ಹೊಡೆದುಹೋದರೂ ಉತ್ತರ ತಪ್ಪಾಗಬಹುದಾದ ಒಂದು ಸಂದರ್ಭವನ್ನು ಹೇಳಲೇಬೇಕು. 77.5 ಕೋಟಿ ಲೀಟರನ್ನು ದಿನದ 86,400 ಸೆಕೆಂಡಿಗೆ ಹಂಚಿದಾಗ ಪಂಪುಗಳು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತವೆ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡೆವು. ವಿದ್ಯುತ್ ಹೋಗಿಯೋ ದುರಸ್ತಿಗಾಗಿಯೋ ಪಂಪುಗಳು ನಾಲ್ಕು ಗಂಟೆ ನಿಂತರೆ, ಅಷ್ಟೇ ನೀರನ್ನು ಉಳಿದ ಇಪ್ಪತ್ತು ಗಂಟೆಯ 72,000 ಸೆಕೆಂಡಿನಲ್ಲಿ ಸಾಗಿಸಬೇಕು, ಆಗ ಕೊಳವೆಯಲ್ಲಿ ಹರಿಯುವುದು 317 ಅಲ್ಲ, ಸುಮಾರು 380 ಕ್ಯೂಸೆಕ್. ಎರಡು ಸರಪಳಿಗಳಲ್ಲೂ ದಿನ ಹೊಡೆದುಹೋಗಿದೆ, ಸೆಕೆಂಡ್ ಉಳಿದಿದೆ, ಕಾಗದದ ಮೇಲೆ ಎರಡೂ ನಿರ್ದುಷ್ಟ. ಒಂದು ದಿನಕ್ಕೆ ಎಷ್ಟು ಸೆಕೆಂಡ್ ಎಂಬುದು ಮೊದಲ ಸರಪಳಿಯಲ್ಲಿ ಗಡಿಯಾರದ ಸಂಗತಿ, ಎರಡನೆಯದರಲ್ಲಿ ಆ ಪಂಪುಮನೆಯ ಸಂಗತಿ. ಯಾವುದು ಬೇಕೆಂಬುದನ್ನು ಏಕಮಾನ ಹೇಳುವುದಿಲ್ಲ, ಪಂಪು ಓಡಿಸುವವರನ್ನು ಕೇಳಬೇಕು.