ತೂಕವೆಲ್ಲ ಸೆರಗಿನಲ್ಲಿ

ರೇಷ್ಮೆ ಸೀರೆಯನ್ನು ಅಂಗೈ ಮೇಲೆ ಏರಿಳಿಸಿ, ಭಾರವಿದ್ದರೆ ಒಳ್ಳೆಯ ಮಾಲು ಎಂದು ತೀರ್ಮಾನಿಸುವವರು ಬಹಳ. ಆದರೆ ಒಟ್ಟು ತೂಕದಿಂದ ತಿಳಿಯುವುದು ಅಷ್ಟಕ್ಕಷ್ಟೆ. ಆ ತೂಕ ಸೀರೆಯ ಯಾವ ಭಾಗದಲ್ಲಿ ಕುಳಿತಿದೆ ಎಂಬುದೇ ಮುಖ್ಯ, ಏಕೆಂದರೆ ಸೀರೆ ಹರಿಯುವ ಜಾಗವೂ ಅದರಿಂದಲೇ ನಿಶ್ಚಯವಾಗುತ್ತದೆ.

ಅಸಲಿ ಜರಿ ಎಂದರೆ ರೇಷ್ಮೆ ಎಳೆಯ ಸುತ್ತ ಸುರುಳಿಯಾಗಿ ಸುತ್ತಿದ, ತಟ್ಟಿ ಚಪ್ಪಟೆ ಮಾಡಿದ ಬೆಳ್ಳಿ ತಂತಿ. ಮೇಲೆ ಚಿನ್ನದ ತೆಳುವಾದ ಲೇಪ ಮಾತ್ರ. ರೇಷ್ಮೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.3 ಗ್ರಾಂ, ಬೆಳ್ಳಿಯದು 10.5. ಎಂದರೆ ಅಷ್ಟೇ ಜಾಗ ಹಿಡಿದರೂ ಬೆಳ್ಳಿ ಎಂಟು ಪಟ್ಟು ಭಾರ. ಟೆಸ್ಟೆಡ್ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರ ಇರುತ್ತದೆ, ಅದೂ 8.9 ಗ್ರಾಂ. ಹಾಗಾಗಿ ಭಾರ ನೋಡಿ ಬೆಳ್ಳಿಯೋ ತಾಮ್ರವೋ ಹೇಳಲಾಗದು. ಪ್ಲಾಸ್ಟಿಕ್ ಜರಿ ಮಾತ್ರ ರೇಷ್ಮೆಯಷ್ಟೇ ಹಗುರ.

ಇನ್ನು ನೇಯ್ಗೆ. ಒಡಲಿನಲ್ಲಿ ಸಾಮಾನ್ಯವಾಗಿ ಸಾದಾ ನೇಯ್ಗೆ: ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆ, ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಹೀಗೆ ಸಾಗುತ್ತದೆ. ಪ್ರತಿ ಎಳೆಗೂ ಹಿಡಿತ ಸಿಗುವುದರಿಂದ ಬಟ್ಟೆ ತೆಳುವಾಗಿದ್ದರೂ ಗಟ್ಟಿ. ಸೆರಗಿನಲ್ಲಿ ಚಿತ್ತಾರ ಮೂಡಿಸಲು ಇದರ ಜೊತೆಗೆ ಜರಿಯ ಹೆಚ್ಚುವರಿ ಹೊಕ್ಕು ಸೇರುತ್ತದೆ. ಮೇಲ್ಮೈಯಲ್ಲಿ ಹೂವು ಕಾಣದ ಕಡೆಯಲ್ಲೆಲ್ಲ ಆ ಜರಿ ಹಿಂಭಾಗದಲ್ಲಿ ಸಡಿಲವಾಗಿ ಹಾಯ್ದು ಹೋಗುತ್ತದೆ. ಬಳೆಗೆ, ಉಂಗುರಕ್ಕೆ ಸಿಕ್ಕಿಕೊಳ್ಳುವುದು ಈ ಎಳೆಗಳೇ. ಬನಾರಸಿನ ಕಡ್ವಾ ನೇಯ್ಗೆಯಲ್ಲಿ ಪ್ರತಿ ಬುಟ್ಟಾವನ್ನೂ ಬೇರೆಯಾಗಿಯೇ ನೇಯುವುದರಿಂದ ಹಿಂದೆ ತೇಲುವ ಎಳೆಯೂ ಇಲ್ಲ, ವ್ಯರ್ಥ ಭಾರವೂ ಇಲ್ಲ. ನೇಯಲು ಹೆಚ್ಚು ಸಮಯ ಹಿಡಿಯುತ್ತದೆ, ಬೆಲೆಯೂ ಹಾಗೆಯೇ ಏರುತ್ತದೆ.

ಉದಾಹರಣೆಗೆ 800 ಗ್ರಾಂ ತೂಗುವ ಆರು ಮೀಟರಿನ ಕಾಂಚೀಪುರಂ ಸೀರೆಯೊಂದನ್ನು ಊಹಿಸಿಕೊಳ್ಳಿ. ಒಡಲು ಮೀಟರಿಗೆ 110 ಗ್ರಾಂ ಆದರೆ ಐದು ಮೀಟರಿಗೆ 550 ಗ್ರಾಂ. ಉಳಿದ 250 ಗ್ರಾಂ ಒಂದೇ ಮೀಟರಿನ ಸೆರಗಿನದು. ಉದ್ದದಲ್ಲಿ ಆರನೆಯ ಒಂದು ಪಾಲು, ತೂಕದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು! ಇಂಥ ಸೀರೆಯನ್ನು ವರ್ಷಗಟ್ಟಲೆ ಹ್ಯಾಂಗರಿಗೆ ನೇತುಹಾಕಿದರೆ ಸೆರಗಿನ ಭಾರವನ್ನೆಲ್ಲ ಕೋಲಿನ ಮೇಲೆ ಬಿದ್ದ ಒಂದೇ ಗೆರೆಯ ರೇಷ್ಮೆ ಹೊರಬೇಕು.

ಸೆರಗಿನ ಹಾಸು ಬೇರೆ ಬಣ್ಣದ್ದಾದರೆ ಇನ್ನೊಂದು ಸೂಕ್ಷ್ಮವಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕಾಂಚೀಪುರದ ಪೇಟ್ನಿ ವಿಧಾನದಲ್ಲಿ ಎರಡೂ ಹಾಸಿನ ಎಳೆಗಳು ಸ್ವಲ್ಪ ದೂರ ಜೊತೆಯಾಗಿ ಸಾಗುತ್ತವೆ. ಕೂಡುವ ಜಾಗದ ಮೇಲೆ ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ದಪ್ಪವೂ ಬಿಗಿಯೂ ಅಲ್ಲಿ ಥಟ್ಟನೆ ಬದಲಾಗುವುದರಿಂದ ಮಡಿಕೆಯನ್ನು ಆ ಉಬ್ಬಿನ ಮೇಲೆ ತರಬಾರದು.

ಮಡಿಕೆಯಲ್ಲಿ ಆಗುವುದೇನು? ರೇಷ್ಮೆ ಬಾಗುತ್ತದೆ, ಬಿಟ್ಟರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಲೋಹದ ಪಟ್ಟಿ ಹಾಗಲ್ಲ. ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ. ಅದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿದರೆ ಜರಿಯ ಸುರುಳಿ ಬಿಚ್ಚಿಕೊಂಡು ಒಳಗಿನ ಎಳೆ ಇಣುಕುತ್ತದೆ. ಆಮೇಲೆ ಲೋಹದ ಚೂಪು ಅಂಚು ಪಕ್ಕದ ರೇಷ್ಮೆಯನ್ನೇ ಉಜ್ಜಿ ಸವೆಸುತ್ತದೆ. ಮಡಿಕೆಯ ಗೆರೆಯಲ್ಲಿ ಹೊಳಪು ಕುಂದಿ, ಬೇರೆ ಬಣ್ಣದ ಎಳೆ ಸಣ್ಣ ಚುಕ್ಕೆಗಳಂತೆ ಕಂಡರೆ ಸವೆತ ಶುರುವಾಗಿದೆ ಎಂದೇ ಅರ್ಥ. ಆದ್ದರಿಂದಲೇ ಮೂರು ನಾಲ್ಕು ತಿಂಗಳಿಗೊಮ್ಮೆ ಸೀರೆ ಬಿಚ್ಚಿ, ಮಡಿಕೆಯ ಜಾಗ ಬದಲಿಸಬೇಕು. ಸೆರಗು ತೀರಾ ಭಾರವಾಗಿದ್ದರೆ ಹತ್ತಿ ಬಟ್ಟೆ ಸುತ್ತಿದ ಕೊಳವೆಯ ಮೇಲೆ ಸುರುಳಿ ಸುತ್ತಿಡುವುದು ಇನ್ನೂ ಉತ್ತಮ.

ಜರಿ ಕಪ್ಪಾಗುವುದು ಬೇರೆಯೇ ಕಥೆ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಕಪ್ಪು ಸಿಲ್ವರ್ ಸಲ್ಫೈಡ್ ಆಗುತ್ತದೆ. ಚಿನ್ನದ ತೆಳು ಲೇಪ ಅದನ್ನು ಪೂರ್ತಿ ತಡೆಯಲಾರದು. ರಬ್ಬರ್ ಬ್ಯಾಂಡಿನಲ್ಲೂ ಗಂಧಕವಿದೆ, ಸೀರೆಗೆ ಅದನ್ನು ಸುತ್ತಲೇಬೇಡಿ. ಬೆವರು, ಸೆಂಟು ಬಿದ್ದರಂತೂ ಕಲೆ ಬೇಗ ಮೂಡುತ್ತದೆ. ಪಾತ್ರೆ ಬೆಳಗುವಂತೆ ಜರಿಯನ್ನು ಉಜ್ಜಲು ಹೋದರೆ ಕಪ್ಪಿನ ಜೊತೆಗೆ ಚಿನ್ನವೂ ಹೋಗುತ್ತದೆ.

ನೀರಿನ ವಿಷಯದಲ್ಲೂ ಲೋಹ ಮತ್ತು ರೇಷ್ಮೆಗೆ ಹೊಂದಾಣಿಕೆಯಿಲ್ಲ. ನೆನೆದ ರೇಷ್ಮೆ, ಅದರಲ್ಲೂ ಹೆಚ್ಚು ಹುರಿಮಾಡಿದ ಕ್ರೇಪ್ ನೂಲು, ಕುಗ್ಗುತ್ತದೆ, ಜರಿ ಕುಗ್ಗುವುದಿಲ್ಲ. ಫಲವಾಗಿ ಅಂಚು ಅಲೆಯಲೆಯಾಗಿ ಮುದುಡುತ್ತದೆ. ಭಾರದ ಜರಿಯಿದ್ದರೆ ಡ್ರೈ ಕ್ಲೀನಿಂಗ್ ಎನ್ನುವುದು ಇದಕ್ಕೇ. ಇಸ್ತ್ರಿಯನ್ನು ಹಿಂಭಾಗದಿಂದ, ನಡುವೆ ಹತ್ತಿ ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಮಾಡಬೇಕು. ಪ್ಲಾಸ್ಟಿಕ್ ಜರಿಯಾದರೆ ಬಿಸಿ ಇನ್ನೂ ಕಡಿಮೆ ಇರಲಿ, ಇಲ್ಲದಿದ್ದರೆ ಅದು ಸುಕ್ಕುಗಟ್ಟುತ್ತದೆ.

ಕುಚ್ಚು ಕಟ್ಟಿಸುವಾಗಲೂ ಸೆರಗು ಈಗಾಗಲೇ ಎಷ್ಟು ಭಾರವಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮಣಿ ಪೋಣಿಸಿದ ದಪ್ಪ ಕುಚ್ಚುಗಳ ತೂಕವೆಲ್ಲ ಬೀಳುವುದು ಹಾಸಿನ ತುದಿಯ ಎಳೆಗಳ ಮೇಲೆ. ಜರಿ ತುಂಬಿದ ಸೆರಗಿಗೆ ಬರಿಯ ರೇಷ್ಮೆ ನೂಲಿನ ಕುಚ್ಚೇ ಸಾಕು.